ಇಳಿಜಾರಿನ ಅಂಚಿಗೆ ಮನೆ ಪಾಯ: ದೂರ ಬಿಟ್ಟರೆ ಸಾಕಾ?

ಪ್ರಶ್ನೆ: ತುರಹಳ್ಳಿ ಕಡೆ 30×40 ಸೈಟಿದೆ. ಹಿಂದೆ ಇಳಿಜಾರು, 27 ಅಡಿ ಹೋಗುವಷ್ಟರಲ್ಲಿ 18 ಅಡಿ ಇಳಿಯುತ್ತದೆ. ಹಿಂದಿನ ಸಾಲಿನ ಫುಟಿಂಗ್ ಸರಿಯಾಗಿ ಅಂಚಿಗೇ ಬರುತ್ತದೆ, ಆಳ 5 ಅಡಿ. ಮಣ್ಣಿನ ಟೆಸ್ಟ್ ಮುಂದೆ ರಸ್ತೆ ಪಕ್ಕ ಮಾಡಿಸಿದ್ದೆವು, ಗಟ್ಟಿ ಇದೆ ಅಂದರು. ಹೀಗೇ ಕಟ್ಟಬಹುದಾ?

ಕಂಟ್ರಾಕ್ಟರ್ ಒಬ್ಬರು: ಇನ್ನೆರಡು ಅಡಿ ಆಳ ಹೋಗಿ, ಅಂಚಿಗೊಂದು ರಿಟೇನಿಂಗ್ ವಾಲ್ ಹಾಕಿ. ಏನೂ ಆಗಲ್ಲ.

ಮಣ್ಣು-ಪಾಯದ ಇಂಜಿನಿಯರ್: ಆಳ ಹೋಗಿ ಅಂದಿದ್ದು ಸರಿ. ಆದರೆ ಗೋಡೆ ತುಂಬಿದ ಮಣ್ಣಿನ ಮೇಲೆ ಕೂತರೆ ಅದೂ ಇಳಿಜಾರಿಗೆ ಭಾರವೇ ಸರ್.

ಮೊದಲು ದೂರ ನೋಡೋಣ. ಇದನ್ನು ಅಂಚಿನಿಂದ ಅಲ್ಲ, ಫುಟಿಂಗ್ ತಳದಿಂದ ಇಳಿಜಾರಿನ ಮೈವರೆಗೆ ಅಡ್ಡಕ್ಕೆ ಅಳೆಯಬೇಕು. 5 ಅಡಿ ಆಳದಲ್ಲಿ ನಿಮಗೆ 7.5 ಅಡಿ ಸಿಗುತ್ತದೆ. ಅಮೆರಿಕದ ಮನೆ ಕಟ್ಟುವ ನಿಯಮಾವಳಿ ಐಆರ್‌ಸಿ ಪ್ರಕಾರ ಎತ್ತರದ ಮೂರನೇ ಒಂದು ಭಾಗ, ಅಂದರೆ 6 ಅಡಿ ಸಾಕು. ನಮ್ಮ ದೇಶದ ಪಾಯದ ಮಾನದಂಡ ಐಎಸ್ 1904 ಮಣ್ಣಿಗೆ ಕನಿಷ್ಠ 90 ಸೆಂ.ಮೀ. ಕೇಳುತ್ತದೆ, ಜೊತೆಗೆ ತಳದಂಚಿನಿಂದ ಅಡ್ಡಗೆರೆಗೆ 30 ಡಿಗ್ರಿಯಲ್ಲಿ ಕೆಳಗೆ ಎಳೆದ ಗೆರೆ ಇಳಿಜಾರಿನ ಮೈಯಿಂದ ಹೊರಗೆ ಬರಬಾರದು. ನಿಮ್ಮದು ಅದರಲ್ಲೂ ಪಾಸ್.

ಆದರೂ ನಾನು ಒಪ್ಪಲ್ಲ. ನಿಮ್ಮ ಇಳಿಜಾರು ಸುಮಾರು 34 ಡಿಗ್ರಿ. ಸೈಟು ಸಮ ಮಾಡುವಾಗ ಹಿಂದಕ್ಕೆ ತಳ್ಳಿದ ಮಣ್ಣಿನ ಘರ್ಷಣೆ ಕೋನ, ಅಂದರೆ ಅಂಟಿಲ್ಲದ ಒಣ ಮಣ್ಣು ಜಾರದೆ ನಿಲ್ಲುವ ಗರಿಷ್ಠ ಕೋನ, 32 ಡಿಗ್ರಿ ಇದ್ದರೆ, ಒಣಗಿದ್ದಾಗಲೂ ಅದು ನಿಂತಿರುವುದು ಚೂರು ಅಂಟಿನಿಂದ ಮಾತ್ರ. ಜೋರು ಮಳೆಯಲ್ಲಿ ಆ ಅಂಟೇ ಹೋಗುತ್ತದೆ. ಫುಟಿಂಗ್ ಕೆಳಗಿನ ಮಣ್ಣು ಎಷ್ಟೇ ಭಾರ ತಡೆದರೂ, ಜಾರುವ ಪದರ ಅದಕ್ಕಿಂತ ಕೆಳಗೆ ಹಾದುಹೋದರೆ ಮನೆ ಸಮೇತ ಜಾರುತ್ತದೆ. ಇನ್ನೊಂದು, ಒಂದು ಬದಿಯಲ್ಲಿ ಮಣ್ಣೇ ಇಲ್ಲದಿರುವಾಗ ಸಮತಟ್ಟು ಜಾಗದ ಬೇರಿಂಗ್ ಲೆಕ್ಕ ಕಮ್ಮಿಯಾಗುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ ನೋಡಬೇಕು: ಮನೆಯ ಭಾರ ಹೊತ್ತ ಇಳಿಜಾರಿಗೆ, ಮಣ್ಣು ನೆಂದಾಗಿನ ಲೆಕ್ಕದಲ್ಲಿ, ಸುರಕ್ಷತಾ ಅಂಶ 1.5 ಬರಬೇಕು, ಅಂದರೆ ತಡೆಯುವ ಶಕ್ತಿ ಜಾರಿಸುವ ಬಲದ ಒಂದೂವರೆ ಪಟ್ಟು ಇರಬೇಕು.

ಹಿಂದಿನ ಅಂಚಿಗೆ ಇನ್ನೊಂದು ಬೋರ್ ಹೊಡೆಸಿ, ಇಳಿಜಾರಿನ ಬುಡಕ್ಕಿಂತ ಕೆಳಗೆ ಹೋಗಲಿ. ತುಂಬಿದ ಮಣ್ಣಿಗೆ ಪ್ಲಾಸ್ಟಿಕ್, ಇಟ್ಟಿಗೆ ಚೂರು ಬರುತ್ತವೆ, ಅಲ್ಲೇ ಗೊತ್ತಾಗುತ್ತದೆ. ಹಿಂದಿನ ಸಾಲು ಹುಟ್ಟು ಮಣ್ಣಿಗೇ ಕೂರಲಿ. ಇಂಗುಗುಂಡಿ, ಸಂಪು ಮುಂದಕ್ಕೆ ತನ್ನಿ.

ಸದಸ್ಯೆಯೊಬ್ಬರು: ನಮ್ಮದೂ ಇದೇ ಸಮಸ್ಯೆ, ಸಕಲೇಶಪುರದಲ್ಲಿ ಮನೆ ಹಿಂದೆ 20 ಅಡಿ ಗುಡ್ಡ ಎದ್ದಿದೆ. ನಾವೂ ಮೂರನೇ ಒಂದು ಭಾಗ ಬಿಟ್ಟರೆ ಸಾಕಲ್ವಾ?

ಇಂಜಿನಿಯರ್: ನಿಮ್ಮದು ಉಲ್ಟಾ ಮೇಡಂ, ಗುಡ್ಡ ಮೇಲೆ ಬೀಳುವ ಪ್ರಶ್ನೆ. ಅಲ್ಲಿ ಎತ್ತರದ ಅರ್ಧ, ಹೆಚ್ಚೆಂದರೆ 15 ಅಡಿ ಅನ್ನುತ್ತದೆ ಐಆರ್‌ಸಿ. ನಿಮಗೆ 10 ಅಡಿ. ಗುಡ್ಡದ ತಲೆಯಲ್ಲಿ ಅಂಚಿಗೆ ಸಮಾನಾಂತರ ಬಿರುಕು ಇದ್ದರೆ ಆ ಲೆಕ್ಕ ನಂಬಬೇಡಿ.

ಪ್ರಶ್ನೆ ಕೇಳಿದವರು: ಸರ್, ಇಳಿಜಾರಿನ ಬುಡ ಪಕ್ಕದವರ ಜಾಗ. ನಾಳೆ ಅವರು ಕಡಿದರೆ?

ಇಂಜಿನಿಯರ್: ಎಲ್ಲಾ ಲೆಕ್ಕ ಕೆಡುತ್ತದೆ. ಕಡಿದರೆ ಏನಾಗುತ್ತದೆ ಅನ್ನುವುದನ್ನೂ ಸೇರಿಸಿ ಲೆಕ್ಕ ಮಾಡಿಸಿ. ಅವರನ್ನು ತಡೆಯುವುದು ಹೇಗೆ ಅನ್ನುವುದಕ್ಕೆ ವಕೀಲರನ್ನೇ ಕೇಳಬೇಕು.