ಅಪ್‌ಡೇಟ್: ಮಿರ್ಚಿ ಜೊತೆ ಚೀಟಿ ಕಳಿಸಿದೆ

ನಾನು ಕೇಳಿದ್ದು: "ನಿಶ್ಚಿತಾರ್ಥ ಆದ ಹುಡುಗಿ ಬಳ್ಳಾರಿಯಲ್ಲಿದ್ದಾಳೆ, ನಾನು ಕೊಪ್ಪಳದಲ್ಲಿ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಳಿಸಿ ಜೊತೆಗೊಂದು ತುಂಟ ಸಾಲು ಇಡಬೇಕು. ಹೇಗೆ?"

ಆ್ಯಪ್‌ನ ಸೂಚನೆ ಜಾಗದಲ್ಲಿ ಬರೆಯಲಿಲ್ಲ. ಅದನ್ನು ಮೊದಲು ಓದುವುದು ಅಡುಗೆಮನೆಯವರು. ಎಷ್ಟೋ ಸಲ ಬಿಲ್ ಮೇಲೂ ಅಚ್ಚಾಗುತ್ತದೆ. ಬದಲಿಗೆ ಅವಳ ಮನೆ ಹತ್ತಿರದ ಅಂಗಡಿಗೆ ಫೋನ್ ಮಾಡಿದೆ. ಹಣ ಮೊದಲೇ ಹಾಕಿ, ಸಾಲನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ಅವರೇ ಚೀಟಿ ಬರೆದರು. ಮಿರ್ಚಿ ಪೊಟ್ಟಣದೊಳಗೆ ಇಟ್ಟರೆ ಎಣ್ಣೆ ಹೀರಿ ಅಕ್ಷರ ಕಾಣಲ್ಲ, ಅದಕ್ಕೆ ಚಿಕ್ಕ ಪ್ಲಾಸ್ಟಿಕ್ ಕವರ್‌ಗೆ ಹಾಕಿಸಿದೆ. ಮಿರ್ಚಿ ಬೇರೆ, ಒಗ್ಗರಣೆ ಬೇರೆ ಕಟ್ಟಿಸಿದೆ. ಬಿಸಿ ಮಿರ್ಚಿಯ ಹಬೆಗೆ ಮಂಡಕ್ಕಿ ಇನ್ನೂ ಮೆತ್ತಗಾಗುತ್ತೆ, ಅಲ್ವಾ?

ಬಾಗಿಲು ತೆಗೆಯುವುದು ಅತ್ತೆಯೇ ಇರಬಹುದು ಅಂತ ಯಾರು ಓದಿದರೂ ನಗುವಂಥ ಸಾಲೇ ಆರಿಸಿದ್ದೆ: "ಖಾರ ಜಾಸ್ತಿ ಆದ್ರೆ ಹೇಳಿ. ಸಿಹಿ ತಗೊಂಡು ನಾನೇ ಬರ್ತೀನಿ." ಹೆಸರು ಹಾಕಲಿಲ್ಲ. ಬರೀ ಕೊಪ್ಪಳ ಅಂತ.

ತೆಗೆದದ್ದು ಅತ್ತೆಯೇ! ಓದಿ, ಮಗಳಿಗೆ ಕೊಟ್ಟು, ಒಂದು ಮಿರ್ಚಿ ತಾವು ತಿಂದರಂತೆ.

ಸಂಜೆ ಅವಳ ಮೆಸೇಜು: "ಖಾರ ಏನೂ ಇರ್ಲಿಲ್ಲ. ಆದ್ರೂ ಭಾನುವಾರ ಬನ್ನಿ."