ಅಪ್‌ಡೇಟ್: ಕೂರಿಸದ ಲಿಫ್ಟ್‌ನಿಂದ ಉಬ್ಬಿದ ಲಾಭ

ನನ್ನ ಪ್ರಶ್ನೆ: 100 ಲಕ್ಷದ ಗುತ್ತಿಗೆ, ಅಂದಾಜು ವೆಚ್ಚ 80 ಲಕ್ಷ. ಈವರೆಗಿನ ಖರ್ಚು 32, ಬಿಲ್ 45. ಈ ವರ್ಷದ ಆದಾಯ ಎಷ್ಟು?

ಬಿಲ್ ಮೊತ್ತವನ್ನೇ ಆದಾಯ ಅನ್ನಿ ಎಂಬ ಸಲಹೆ ನಿಲ್ಲಲಿಲ್ಲ. ಬಿಲ್ ಹೋಗುವುದು ಒಪ್ಪಂದದ ಕಂತಿನಂತೆ, ಕೆಲಸದ ಪ್ರಗತಿಯಂತಲ್ಲ. 32/80, ಅಂದರೆ 40% ಕೂಡ ತಪ್ಪು. ಆ 32ರಲ್ಲಿ 20 ಲಕ್ಷ ಹೊರಗಿನಿಂದ ಕೊಂಡ ಲಿಫ್ಟ್‌ನದು. ಅದರ ಹತೋಟಿ ಗ್ರಾಹಕರಿಗೆ ದಾಟಿದೆ, ಅಳವಡಿಕೆ ಇನ್ನೂ ತುಂಬಾ ದೂರ.

ಫಲಿಸಿದ್ದು ಲಿಫ್ಟನ್ನು ಖರ್ಚು, ಅಂದಾಜು ವೆಚ್ಚ ಎರಡರಿಂದಲೂ ತೆಗೆಯಿರಿ ಎಂದವರ ಸಲಹೆ. ಪ್ರಗತಿ 12/60 = 20%. ಆದಾಯ, ಗುತ್ತಿಗೆ ಮೊತ್ತದಲ್ಲಿ ಲಿಫ್ಟ್‌ನ 20 ಕಳೆದು ಉಳಿದ 80 ಲಕ್ಷದ 20% ಆದ 16, ಜೊತೆಗೆ ಲಿಫ್ಟ್‌ನ ವೆಚ್ಚದಷ್ಟೇ 20: ಒಟ್ಟು 36. ಲಾಭ 4, 40% ಹಿಡಿದಿದ್ದರೆ 8 ಆಗುತ್ತಿತ್ತು!

ಹೊಸದಾಗಿ ತಿಳಿದದ್ದು: ಆದಾಯಕ್ಕಿಂತ ಹೆಚ್ಚಾಗಿ ಬಿಲ್ ಮಾಡಿದ 9 ಲಕ್ಷ ಒಪ್ಪಂದದ ಹೊಣೆಯಾಗಿ ನಿಲ್ಲುತ್ತದೆ. ಬಾಕಿ ಬರಬೇಕಾದ ಹಣದಿಂದ ಅದನ್ನು ಕಳೆಯಬಾರದು.