ಕುರ್ತಾ ಕಡು ನೀಲಿ ಆಗಲಿಲ್ಲ

ಪ್ರಶ್ನೆ, ಮಣಿಪಾಲದಿಂದ: ಬಿಳಿ ಕುರ್ತಾಕ್ಕೆ ರಿಯಾಕ್ಟಿವ್ ನೀಲಿ ಹಾಕಿದೆ. ಮಾಸಲು ನೀಲಿ ಬಂತು, ಹೊಲಿಗೆ ಬಿಳಿಯಾಗಿಯೇ ಉಳಿಯಿತು. ಅಂಗಡಿಯವರು ಕಾಟನ್ ಎಂದಿದ್ದರು. ಏನು ಮಾಡಲಿ?

ಕಟಪಾಡಿಯ ಟೈಲರ್: ಸೋಡಾ ಕಮ್ಮಿಯಾಗಿರಬೇಕು. ಉಪ್ಪು, ಸೋಡಾ ಎರಡೂ ಜಾಸ್ತಿ ಹಾಕಿ ಇನ್ನೊಮ್ಮೆ ಕುದಿಸಿ. ಹೊಲಿಗೆ ದಾರ ಮಾತ್ರ ಪಾಲಿಯೆಸ್ಟರ್, ಅದು ಬಿಳಿಯಾಗಿಯೇ ಇರುತ್ತದೆ.

ಸುರತ್ಕಲ್, ಡೈಯಿಂಗ್ ಘಟಕದಲ್ಲಿದ್ದವನು: ದಾರದ ಮಾತು ಸರಿ. ಆದರೆ ಬಟ್ಟೆಯೂ ಮಿಶ್ರ ಇರಬಹುದು. ಒಳಮಡಿಕೆಯಿಂದ ಒಂದು ಎಳೆ ಕಿತ್ತು ಅದರ ಹುರಿ ಬಿಚ್ಚಿ ನೋಡಿ. ನೀಲಿ ನಾರುಗಳ ನಡುವೆ ಬಿಳಿ ನಾರು ಕಂಡರೆ ಅದು ಪಾಲಿಯೆಸ್ಟರ್. ಇನ್ನೊಂದು ಎಳೆಯನ್ನು ಚಿಮಟದಲ್ಲಿ ಹಿಡಿದು ಸ್ಟೀಲ್ ತಟ್ಟೆಯ ಮೇಲೆ ಸುಡಿ. ಬರೀ ಹತ್ತಿಯಾದರೆ ಕಾಗದದ ಹಾಗೆ ಉರಿದು ಮೆತ್ತನೆ ಬೂದಿ ಬೀಳುತ್ತದೆ. ಮಿಶ್ರವಾದರೆ ಗಟ್ಟಿ ಕರಿ ಗುಂಡು ಉಳಿಯುತ್ತದೆ.

ರಿಯಾಕ್ಟಿವ್ ಬಣ್ಣ ಸೋಡಾ ಬೂದಿಯ ಕ್ಷಾರದಲ್ಲಿ ಹತ್ತಿ, ವಿಸ್ಕೋಸ್‌ಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಪಾಲಿಯೆಸ್ಟರ್‌ನಲ್ಲಿ ಹಾಗೆ ಬೆಸೆಯುವ ಜಾಗವೇ ಇಲ್ಲ. ಎಷ್ಟು ಸೋಡಾ ಸುರಿದರೂ ಅಷ್ಟೇ. ಅದಕ್ಕೆ ಡಿಸ್ಪರ್ಸ್ ಬಣ್ಣ ಬೇಕು. ಸುಮಾರು 130 ಡಿಗ್ರಿಯಲ್ಲಿ, ಒತ್ತಡದ ಯಂತ್ರದಲ್ಲಿ, ಅದು ನಾರಿನೊಳಗೆ ಇಳಿಯುತ್ತದೆ. ಮನೆಯಲ್ಲಿ ಕುದಿಸಿದರೆ ತೆಳು ಬಣ್ಣ ಬರಬಹುದು, ಕಡು ನೀಲಿ ಕಷ್ಟ.

ಕಟಪಾಡಿಯ ಟೈಲರ್: ಕುಕ್ಕರ್‌ನಲ್ಲಿ ಹಾಕಿದರೆ ಒತ್ತಡ ಬರುತ್ತದಲ್ವಾ ಮಾರಾಯ್ರೇ?

ಸುರತ್ಕಲ್: ಸುಮಾರು 120 ಡಿಗ್ರಿ ಮುಟ್ಟಬಹುದು. ಆದರೆ ಬಟ್ಟೆ ಒಳಗೆ ಮುದ್ದೆಯಾಗಿ ಕೂರುತ್ತದೆ, ತಿರುಗಿಸಲು ಆಗುವುದಿಲ್ಲ. ಮಡಿಕೆ ಮಡಿಕೆಗೂ ಬೇರೆ ಬಣ್ಣ. ಆ ಕುಕ್ಕರಿನಲ್ಲಿ ಮತ್ತೆ ಅನ್ನ ಮಾಡುವುದೂ ಬೇಡ.

ಉಡುಪಿಯ ಗೃಹಿಣಿ: ನನ್ನ ಉಡುಪಿ ಸೀರೆ ಒಗೆದಾಗೆಲ್ಲ ಬಣ್ಣ ಬಿಡುತ್ತದೆ. ಅದೂ ಮಿಶ್ರ ನೂಲೇ?

ಸುರತ್ಕಲ್: ಅಕ್ಕ, ಅದು ಬೇರೆ ಕಥೆ. ಬರೀ ಹತ್ತಿಯಲ್ಲೂ ಬೆಸೆಯದ ಬಣ್ಣ ಉಳಿದಿರುತ್ತದೆ. ಬಣ್ಣ ಹಾಕುವವರು ಕೊನೆಗೆ ಸೋಪಿನ ಬಿಸಿ ನೀರಲ್ಲಿ ಚೆನ್ನಾಗಿ ತೊಳೆಯದಿದ್ದರೆ ಅದೇ ಇಳಿಯುತ್ತದೆ. ಯಾವ ಬಣ್ಣ ಹಾಕಿದ್ದಾರೋ ನೋಡದೆ ಖಚಿತವಾಗಿ ಹೇಳಲಾರೆ.

ಮಣಿಪಾಲ: ಸುಟ್ಟು ನೋಡಿದೆ, ಗುಂಡೇ ಬಂತು. ಎಳೆಯಲ್ಲಿ ಬಿಳಿ ನಾರೂ ಇದೆ. ಆದರೆ ಬೆನ್ನಿನ ಮೇಲೆ ಅಂಗೈಯಗಲ ಕಲೆಗಳೂ ಇವೆ. ಅದೂ ಪಾಲಿಯೆಸ್ಟರ್‌ನಿಂದಲೇ?

ಸುರತ್ಕಲ್: ಅಲ್ಲ. ಮಿಶ್ರ ನೂಲಿನಿಂದ ಬರುವುದು ಬಟ್ಟೆಯಿಡೀ ಒಂದೇ ತರಹದ ಮಾಸಲು. ಕಲೆಗೆ ಕಾರಣ ಗಂಜಿ ಹೋಗದೆ ಉಳಿದದ್ದೋ, ಸೋಡಾವನ್ನು ಕರಗಿಸದೆ ಬಟ್ಟೆಯ ಮೇಲೇ ಸುರಿದದ್ದೋ ಇರಬಹುದು. ಹೇಗೆ ಹಾಕಿದಿರಿ?

ಮಣಿಪಾಲ: ಪುಡಿಯನ್ನೇ ಬಟ್ಟೆಯ ಮೇಲೆ ಹಾಕಿದೆ. ಗಂಜಿ ತೊಳೆದಿರಲಿಲ್ಲ.

ಸುರತ್ಕಲ್: ಎರಡೂ ಆಯಿತಲ್ಲ! ಯಾವುದರಿಂದ ಕಲೆ ಬಂತೋ ಈಗ ಹೇಳಲಾಗದು. ಕಡು ನೀಲಿಯೇ ಬೇಕಿದ್ದರೆ ಘಟಕದವರ ಹತ್ತಿರ ಮೊದಲು ಡಿಸ್ಪರ್ಸ್, ಆಮೇಲೆ ರಿಯಾಕ್ಟಿವ್ ಹಾಕಿಸಬೇಕು. ಒಂದು ಕುರ್ತಾಕ್ಕೆ ಯಾರೂ ಯಂತ್ರ ಓಡಿಸುವುದಿಲ್ಲ.